ಓಟಿಪಿ ಕೊಟ್ಟ ಮೇಲೆ ಪುಟ ನಿಂತುಹೋದರೆ: ಎರಡನೇ ಸಲ ಕಟ್ಟುವ ಮೊದಲು ನೋಡಬೇಕಾದದ್ದು

ನಾನು ಕೆಲಸ ಮಾಡುವ ಕಾಲೇಜಿನ ಲೆಕ್ಕಪತ್ರ ವಿಭಾಗಕ್ಕೆ ಪ್ರವೇಶದ ದಿನಗಳಲ್ಲಿ ಒಂದು ಬಗೆಯ ಕರೆ ಬರದೆ ಇರುವ ವರ್ಷವೇ ಇಲ್ಲ. ಒಮ್ಮೆ ಹಾವೇರಿ ಕಡೆಯ ಪಾಲಕರೊಬ್ಬರು ಕರೆ ಮಾಡಿ, "ಮೇಡಂ, ನಮ್ಮ ರೊಕ್ಕ ಎರಡು ಸಲ ಹೋಗೇತ್ರಿ, ರಸೀದಿ ಮಾತ್ರ ಒಂದೇ ಬಂದೇತಿ" ಎಂದರು. ಮಗಳ ಶುಲ್ಕ 18,450 ರೂಪಾಯಿ. ನೆಟ್ ಬ್ಯಾಂಕಿಂಗ್ ಪುಟದಲ್ಲಿ ಓಟಿಪಿ ಹಾಕಿ ಗುಂಡಿ ಒತ್ತಿದ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಅವರು ಐದಾರು ನಿಮಿಷ ಕಾದರು, ಹಿಂದಕ್ಕೆ ಹೋಗಿ ಮೊದಲಿನಿಂದ ಕಟ್ಟಿದರು, ಎರಡನೆಯದು ಸರಾಗವಾಗಿ ಮುಗಿಯಿತು. ಮರುದಿನ ಪಾಸ್‌ಬುಕ್ಕಿಗೆ ನಮೂದು ಹಾಕಿಸಿದಾಗ ಅದೇ ಮೊತ್ತ ಎರಡು ಸಾಲಿನಲ್ಲಿ ಕಂಡಿತು.

ಇಂತಹ ಸ್ಥಿತಿಯಲ್ಲಿ ಮರುಪ್ರಯತ್ನ ಮಾಡಿದರೆ ಹಣ ಎರಡನೇ ಸಲ ಕಡಿತವಾಗುತ್ತದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಬರುವುದಿಲ್ಲ. ಮೊದಲ ಪ್ರಯತ್ನ ಯಾವ ಹಂತದಲ್ಲಿ ನಿಂತಿತು ಎಂಬುದರ ಮೇಲೆ ಮತ್ತು ನೀವು ಮರುಪ್ರಯತ್ನ ಎಂದು ಕರೆಯುವುದು ಯಾವುದನ್ನು ಎಂಬುದರ ಮೇಲೆ ಉತ್ತರ ನಿಂತಿದೆ. ಇವೆರಡನ್ನೂ ಐದು ನಿಮಿಷದಲ್ಲಿ ಮನೆಯಲ್ಲೇ ಕುಳಿತು ತಿಳಿದುಕೊಳ್ಳಬಹುದು.

ಓಟಿಪಿ ಒತ್ತಿದ ಮೇಲೆ ನಡೆಯುವುದೇನು

ನೆಟ್ ಬ್ಯಾಂಕಿಂಗ್ ಪಾವತಿಯಲ್ಲಿ ಮೂರು ಕಡೆಯವರಿದ್ದಾರೆ. ಹಣ ಪಡೆಯುವ ಸಂಸ್ಥೆಯ ಜಾಲತಾಣ ಒಂದು, ನಡುವೆ ನಿಲ್ಲುವ ಪೇಮೆಂಟ್ ಗೇಟ್‌ವೇ ಇನ್ನೊಂದು, ನಿಮ್ಮ ಬ್ಯಾಂಕು ಮೂರನೆಯದು. ನೀವು ಬ್ಯಾಂಕನ್ನು ಆರಿಸಿದ ಕೂಡಲೇ ಗೇಟ್‌ವೇ ಒಂದು ವಹಿವಾಟು ಸಂಖ್ಯೆಯನ್ನು ಹುಟ್ಟಿಸಿ, ಆ ಸಂಖ್ಯೆ ಮತ್ತು ಮೊತ್ತದೊಡನೆ ನಿಮ್ಮ ಬ್ರೌಸರನ್ನು ಬ್ಯಾಂಕಿನ ಪುಟಕ್ಕೆ ಕಳುಹಿಸುತ್ತದೆ. ನೀವು ಲಾಗಿನ್ ಆಗಿ ಓಟಿಪಿ ಒಪ್ಪಿಸಿದಾಗ ಬ್ಯಾಂಕಿನ ಸರ್ವರ್ ಅದನ್ನು ಪರೀಕ್ಷಿಸುತ್ತದೆ, ಖಾತೆಯಲ್ಲಿ ಹಣವಿದೆಯೇ ಎಂದು ನೋಡುತ್ತದೆ, ಹಣ ಕಡಿತ ಮಾಡುತ್ತದೆ, ತನ್ನದೇ ಒಂದು ಉಲ್ಲೇಖ ಸಂಖ್ಯೆ ಕೊಡುತ್ತದೆ, ಇಷ್ಟೆಲ್ಲ ಆದ ಮೇಲೆಯೇ ಫಲಿತಾಂಶವನ್ನು ಹೊತ್ತ ಪುಟವನ್ನು ನಿಮ್ಮ ಬ್ರೌಸರಿನ ಮೂಲಕ ಗೇಟ್‌ವೇಗೆ ಮರಳಿಸುತ್ತದೆ.

ಬಹುತೇಕ ಬ್ಯಾಂಕುಗಳಲ್ಲಿ ಹಣ ಕಡಿತವಾಗುವುದು ಪುಟ ಮರಳುವುದಕ್ಕಿಂತ ಮೊದಲು ಎಂಬುದನ್ನು ಇಲ್ಲಿ ಗಮನಿಸಬೇಕು. ಹೀಗಾಗಿ ಚಕ್ರ ತಿರುಗುತ್ತಿರುವಾಗ ಹಣ ಹೋಗಿರಲೂಬಹುದು, ಹೋಗದೆಯೂ ಇರಬಹುದು. ಪುಟದ ಮುಖ ನೋಡಿ ಹೇಳಲು ಸಾಧ್ಯವಿಲ್ಲ.

ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನಲ್ಲಿ ಕ್ರಮ ಬೇರೆ. ಅಲ್ಲಿ ಓಟಿಪಿ ಎಂಬುದು ಕಾರ್ಡು ನಿಮ್ಮದೇ ಎಂದು ಖಚಿತಪಡಿಸುವ ಹಂತ ಮಾತ್ರ. ಆ ಖಚಿತತೆ ಗೇಟ್‌ವೇಗೆ ಮರಳಿದ ನಂತರ ಹಣ ಕಡಿತದ ಕೋರಿಕೆ ಪ್ರತ್ಯೇಕವಾಗಿ ಬ್ಯಾಂಕಿಗೆ ಹೋಗುತ್ತದೆ. ಆದ್ದರಿಂದ ಕಾರ್ಡಿನ ಓಟಿಪಿ ಪುಟದಲ್ಲೇ ಎಲ್ಲವೂ ನಿಂತುಹೋದರೆ ಹಣ ಹೋಗಿರದ ಸಾಧ್ಯತೆಯೇ ಹೆಚ್ಚು. ಕಾರ್ಡಿನಲ್ಲಿ ಹೀಗೆ ಪಾರಾದ ಅನುಭವವಿರುವವರು ನೆಟ್ ಬ್ಯಾಂಕಿಂಗಿನಲ್ಲಿಯೂ ಹಾಗೆಯೇ ಇರುತ್ತದೆ ಎಂದು ಭಾವಿಸಿ ಕೂಡಲೇ ಮತ್ತೊಮ್ಮೆ ಕಟ್ಟುತ್ತಾರೆ, ನಮಗೆ ಬರುವ ದೂರುಗಳಲ್ಲಿ ಒಳ್ಳೆಯ ಪಾಲು ಅಂಥವರದೇ.

ಮೊದಲ ಐದು ನಿಮಿಷ

ಪುಟ ನಿಂತಿತು ಎಂದು ಅನ್ನಿಸಿದ ಕ್ಷಣದಲ್ಲಿ ಏನನ್ನೂ ಒತ್ತದೆ ಮೊದಲು ಬ್ರೌಸರಿನ ಮೇಲ್ಭಾಗದ ವಿಳಾಸ ಪಟ್ಟಿಯನ್ನು ನೋಡಿರಿ. ಅಲ್ಲಿ ಬ್ಯಾಂಕಿನ ವಿಳಾಸವೇ ಇದ್ದರೆ, ಓಟಿಪಿ ಬ್ಯಾಂಕಿಗೆ ತಲುಪುವ ಮೊದಲೇ ಸಂಪರ್ಕ ಕಡಿದಿದೆಯೋ ಅಥವಾ ಹಣ ಕಡಿತವಾಗಿ ಉತ್ತರ ಮಾತ್ರ ಮರಳಿ ಬಂದಿಲ್ಲವೋ ಎಂಬುದು ಇನ್ನೂ ತಿಳಿಯದ ಸ್ಥಿತಿ. ಬದಲಾಗಿ ಗೇಟ್‌ವೇಯ ಅಥವಾ ಹಣ ಪಡೆಯುವ ಸಂಸ್ಥೆಯ ವಿಳಾಸ ಕಂಡರೆ, ಬ್ಯಾಂಕು ತನ್ನ ಉತ್ತರವನ್ನು ಆಗಲೇ ಕೊಟ್ಟಾಗಿದೆ ಎಂದು ತಿಳಿಯಬಹುದು. ಆ ಉತ್ತರ ಯಶಸ್ಸಿನದೂ ಆಗಿರಬಹುದು, ವೈಫಲ್ಯದ್ದೂ ಆಗಿರಬಹುದು, ಆದರೆ ತಡವಾಗುತ್ತಿರುವುದು ರಸೀದಿಯ ಕಡೆ. ಫೋನಿನಲ್ಲಿ ಸಂಸ್ಥೆಯ ಆ್ಯಪ್ ಒಳಗೆಯೇ ಬ್ಯಾಂಕಿನ ಪುಟ ತೆರೆದುಕೊಂಡಿದ್ದರೆ ವಿಳಾಸ ಪಟ್ಟಿ ಕಾಣಿಸದೆ ಇರಬಹುದು. ಆಗ ಈ ಸುಳಿವನ್ನು ಬಿಟ್ಟು ಮುಂದಿನ ಹೆಜ್ಜೆಗೆ ಹೋಗಬೇಕು.

ವಿಳಾಸ ಪಟ್ಟಿಯೂ ಸೇರುವಂತೆ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಗಂಟೆ ನಿಮಿಷಗಳನ್ನು ಬರೆದಿಟ್ಟುಕೊಳ್ಳಿ. ಪುಟದಲ್ಲಿ ವಹಿವಾಟು ಸಂಖ್ಯೆ ಅಥವಾ ಆರ್ಡರ್ ಸಂಖ್ಯೆ ಎಲ್ಲಿಯಾದರೂ ಕಾಣುತ್ತಿದ್ದರೆ ಅದೂ ಚಿತ್ರದಲ್ಲಿ ಬರಬೇಕು. ಆಮೇಲೆ ಎರಡು ಮೂರು ನಿಮಿಷ ಪುಟವನ್ನು ಹಾಗೆಯೇ ಬಿಡಿ, ಏಕೆಂದರೆ ಶುಲ್ಕದ ಕೊನೆಯ ದಿನದಂತಹ ದಟ್ಟಣೆಯಲ್ಲಿ ತಡವಾಗಿಯಾದರೂ ಪುಟ ತಾನಾಗಿ ಮುಂದುವರಿಯುವುದುಂಟು.

ಈ ಹೊತ್ತಿಗೆ ಬಹಳ ಜನ ಮಾಡುವುದು ಪುಟವನ್ನು ರಿಫ್ರೆಶ್ ಮಾಡುವುದು. ಹಾಗೆ ಮಾಡಿದಾಗ ಕ್ರೋಮ್ ಬ್ರೌಸರ್ `Confirm Form Resubmission` ಎಂದು ಕೇಳಿದರೆ, ಅದರ ಅರ್ಥ ನೀವು ಈ ಹಿಂದೆ ಒಪ್ಪಿಸಿದ ಅದೇ ಮಾಹಿತಿಯನ್ನು ಮತ್ತೊಮ್ಮೆ ಕಳುಹಿಸಲೇ ಎಂದು. ಒಮ್ಮೆ ಬಳಕೆಯಾದ ಓಟಿಪಿ ಮತ್ತೆ ನಡೆಯುವುದಿಲ್ಲ, ವಹಿವಾಟು ಸಂಖ್ಯೆಯೂ ಹಳೆಯದೇ ಆಗಿರುತ್ತದೆ. ಹಾಗಾಗಿ ರಿಫ್ರೆಶ್‌ನಿಂದಲೇ ಹಣ ಎರಡನೇ ಸಲ ಹೋಗುವುದು ತೀರಾ ಅಪರೂಪ. ತೊಂದರೆ ಇರುವುದು ಬೇರೆ ಕಡೆ. ಬ್ಯಾಂಕು ನಿಮ್ಮ ಆ ಲಾಗಿನ್ ಅಧಿವೇಶನವನ್ನೇ ಮುಗಿಸಿ, ನಿಮ್ಮ ಅವಧಿ ಮುಗಿದಿದೆ ಎಂಬ ಪುಟ ತೋರಿಸುತ್ತದೆ, ಹಣ ಕಡಿತವಾಗಿದ್ದರೂ ಆ ಪುಟದಲ್ಲಿ ಅದರ ಸುದ್ದಿಯೇ ಇರುವುದಿಲ್ಲ, ಓದುವವರು ಮಾತ್ರ ಪಾವತಿ ರದ್ದಾಯಿತು ಎಂದೇ ತಿಳಿಯುತ್ತಾರೆ.

ಖಾತೆಯನ್ನು ನೋಡುವುದು ಹೇಗೆ

ಸಮಯ ಬರೆದಿಟ್ಟುಕೊಂಡು ಐದು ನಿಮಿಷವಾದ ಮೇಲೆ ಬ್ಯಾಂಕಿನ ಮೊಬೈಲ್ ಆ್ಯಪ್‌ನಲ್ಲಿ ಖಾತೆಯ ಸ್ಟೇಟ್‌ಮೆಂಟನ್ನು ತೆರೆಯಿರಿ. ಎಸ್ಎಂಎಸ್ ಬಂದಿಲ್ಲ ಎಂಬ ಮಾತ್ರಕ್ಕೆ ಹಣ ಹೋಗಿಲ್ಲ ಎಂದು ನಿರ್ಧರಿಸಬಾರದು. ಕಡಿತದ ಸಂದೇಶ ಅರ್ಧ ಗಂಟೆ ತಡವಾಗಿ ಬಂದದ್ದನ್ನು ನಾನು ನೋಡಿದ್ದೇನೆ. ಇದರ ವಿರುದ್ಧದ ತಪ್ಪೂ ಸಾಮಾನ್ಯ. ಓಟಿಪಿಯ ಸಂದೇಶದಲ್ಲಿಯೂ ಮೊತ್ತ ಮತ್ತು ಸಂಸ್ಥೆಯ ಹೆಸರು ಇರುವುದರಿಂದ ಅದನ್ನೇ ಹಣ ಹೋದ ಸಂದೇಶವೆಂದು ಓದಿ ಗಾಬರಿಗೊಳ್ಳುವವರು ಇದ್ದಾರೆ.

ಕೆಲವು ಬ್ಯಾಂಕುಗಳು ಒಂದೇ ಬಳಕೆದಾರರಿಗೆ ಏಕಕಾಲಕ್ಕೆ ಎರಡು ಕಡೆ ಲಾಗಿನ್ ಆಗಲು ಬಿಡುವುದಿಲ್ಲ. ಆಗ ಮೊದಲ ಅಧಿವೇಶನದ ಅವಧಿ ಮುಗಿಯುವವರೆಗೆ ಕಾಯಬೇಕಾಗುತ್ತದೆ, ಇಲ್ಲವೇ ಮಿಸ್ಡ್ ಕಾಲ್ ಸೇವೆ ಅಥವಾ ಎಟಿಎಂನ ಮಿನಿ ಸ್ಟೇಟ್‌ಮೆಂಟ್ ಬಳಸಬೇಕು.

ಸ್ಟೇಟ್‌ಮೆಂಟಿನಲ್ಲಿ ಖಾತೆಯಲ್ಲಿ ಉಳಿದಿರುವ ಮೊತ್ತವನ್ನಷ್ಟೇ ನೋಡಿ ಬಿಡದೆ ವಹಿವಾಟಿನ ಸಾಲನ್ನು ಓದಬೇಕು. ಆ ಸಾಲಿನ ವಿವರಣೆಯಲ್ಲಿ ಸಾಮಾನ್ಯವಾಗಿ ಗೇಟ್‌ವೇಯ ಹೆಸರೂ ಒಂದು ಉದ್ದನೆಯ ಸಂಖ್ಯೆಯೂ ಇರುತ್ತವೆ. ನೀವು ಹಣ ಕಟ್ಟಿದ್ದು ಕಾಲೇಜಿಗೆ ಅಥವಾ ವಿದ್ಯುತ್ ಕಂಪನಿಗೆ ಆದರೂ ಅಲ್ಲಿ ಅವರ ಹೆಸರು ಕಾಣದಿರಬಹುದು, ಅದರಿಂದ ಗೊಂದಲ ಬೇಡ. ಆ ಉದ್ದನೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದಿನ ಎಲ್ಲ ಪತ್ರವ್ಯವಹಾರಕ್ಕೂ ಅದೇ ಆಧಾರ. ಕಡಿತದ ಸಾಲಿನ ಕೆಳಗೆಯೇ ಅದೇ ಸಂಖ್ಯೆಯೊಡನೆ ಅದೇ ಮೊತ್ತ ಜಮೆಯಾಗಿದ್ದರೆ ಬ್ಯಾಂಕು ತಾನೇ ವಹಿವಾಟನ್ನು ಹಿಂದಿರುಗಿಸಿದೆ ಎಂದು ಅರ್ಥ, ಆಗ ಆ ಪ್ರಯತ್ನ ಅಲ್ಲಿಗೆ ಮುಗಿಯಿತು.

ಇದಾದ ಮೇಲೆ ಹಣ ಪಡೆಯುವ ಸಂಸ್ಥೆಯ ಜಾಲತಾಣಕ್ಕೆ ಹೊಸದಾಗಿ ಲಾಗಿನ್ ಆಗಿ ಪಾವತಿಗಳ ಇತಿಹಾಸವನ್ನು ನೋಡಬೇಕು. ಆರ್ಡರ್ ಪಾವತಿಯಾಗಿದೆ ಎಂದಿದೆಯೇ, ಬಾಕಿ ಎಂದಿದೆಯೇ, ವಿಫಲ ಎಂದಿದೆಯೇ ಎಂಬುದನ್ನು ಖಾತೆಯ ಸ್ಥಿತಿಯೊಡನೆ ಹೋಲಿಸಿದರೆ ಮುಂದಿನ ದಾರಿ ತಿಳಿಯುತ್ತದೆ.

ಮತ್ತೆ ಕಟ್ಟಬೇಕೇ, ಬೇಡವೇ

ಖಾತೆಯಿಂದ ಹಣ ಹೋಗಿಲ್ಲ, ಸಂಸ್ಥೆಯ ಪುಟದಲ್ಲಿಯೂ ಪಾವತಿಯಾಗಿಲ್ಲ ಎಂದಿದ್ದರೆ, ಅರ್ಧ ಗಂಟೆ ಬಿಟ್ಟು ಖಾತೆಯನ್ನು ಇನ್ನೊಮ್ಮೆ ನೋಡಿ, ಆಗಲೂ ಸಾಲು ಕಾಣದಿದ್ದರೆ ಹೊಸದಾಗಿ ಕಟ್ಟಬಹುದು. ನೆಟ್ ಬ್ಯಾಂಕಿಂಗಿನಲ್ಲಿ ಓಟಿಪಿ ಒಪ್ಪಿಸಿದ ಹೊತ್ತಿನಲ್ಲಿಯೇ ಕಡಿತ ನಡೆಯುವುದರಿಂದ, ಅಧಿವೇಶನ ಮುಗಿದ ಎಷ್ಟೋ ಹೊತ್ತಿನ ಮೇಲೆ ಹಳೆಯ ಪ್ರಯತ್ನ ಎದ್ದು ಬಂದು ಹಣ ಎಳೆಯುವುದು ಸಾಮಾನ್ಯವಾಗಿ ಇಲ್ಲ. ನಡುರಾತ್ರಿಯ ಆಸುಪಾಸಿನಲ್ಲಿ ಮಾತ್ರ ಈ ಲೆಕ್ಕವನ್ನು ನಂಬಬೇಡಿ. ಬ್ಯಾಂಕುಗಳು ದಿನದ ಲೆಕ್ಕ ಮುಗಿಸುವ ಆ ವೇಳೆಯಲ್ಲಿ ಸ್ಟೇಟ್‌ಮೆಂಟಿನಲ್ಲಿ ಸಾಲು ಕಾಣುವುದು ತಡವಾಗಬಹುದು, ಬೆಳಗಿನವರೆಗೆ ಕಾಯುವುದು ಒಳ್ಳೆಯದು.

ಖಾತೆಯಿಂದ ಹಣ ಹೋಗಿದೆ, ಆದರೆ ಸಂಸ್ಥೆಯ ಪುಟದಲ್ಲಿ ಬಾಕಿ ಅಥವಾ ವಿಫಲ ಎಂದಿದೆ ಎಂಬುದೇ ನಿಜವಾದ ಅಪಾಯದ ಸ್ಥಿತಿ. ಈಗ ಮತ್ತೆ ಕಟ್ಟಿದರೆ ಹೊಸ ವಹಿವಾಟು ಸಂಖ್ಯೆ ಹುಟ್ಟುತ್ತದೆ, ಅದಕ್ಕೆ ಹೊಸ ಓಟಿಪಿ ಬರುತ್ತದೆ, ಬ್ಯಾಂಕಿನ ಮಟ್ಟಿಗೆ ಅದು ಹಿಂದಿನದಕ್ಕೆ ಯಾವ ಸಂಬಂಧವೂ ಇಲ್ಲದ ಬೇರೆಯೇ ಪಾವತಿ. ಅದೇ ಮೊತ್ತ, ಅದೇ ಸಂಸ್ಥೆ, ಹತ್ತು ನಿಮಿಷದ ಅಂತರ ಎಂಬ ಕಾರಣಕ್ಕೆ ಬ್ಯಾಂಕು ಅದನ್ನು ತಡೆಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಒಂದೇ ಆರ್ಡರಿನ ಅಡಿಯಲ್ಲಿ ಹಲವು ಪ್ರಯತ್ನಗಳನ್ನು ಇರಿಸಿಕೊಂಡು ಹೆಚ್ಚುವರಿ ಹಣವನ್ನು ತಾನಾಗಿಯೇ ಮರಳಿಸುವ ವ್ಯವಸ್ಥೆ ಕೆಲವು ಗೇಟ್‌ವೇಗಳಲ್ಲಿದೆ, ಆದರೆ ಸಂಸ್ಥೆಯವರು ಅದನ್ನು ಹಾಗೆ ಹೊಂದಿಸಿಕೊಂಡಿದ್ದಾರೆಯೇ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ಈ ಸ್ಥಿತಿಯಲ್ಲಿ ಕಾಯುವುದರಿಂದ ಪ್ರಯೋಜನವಿದೆ. ಬಾಕಿ ಉಳಿದ ವಹಿವಾಟುಗಳ ಬಗ್ಗೆ ಗೇಟ್‌ವೇ ಬ್ಯಾಂಕನ್ನು ನೇರವಾಗಿ, ಅಂದರೆ ನಿಮ್ಮ ಬ್ರೌಸರಿನ ಹಂಗಿಲ್ಲದೆ, ಮತ್ತೆ ಮತ್ತೆ ವಿಚಾರಿಸುತ್ತಿರುತ್ತದೆ. ಅಲ್ಲಿಯೂ ಉಳಿದದ್ದು ದಿನದ ಕೊನೆಗೆ ಎರಡೂ ಕಡೆಯ ಪಟ್ಟಿಗಳನ್ನು ಹೋಲಿಸುವಾಗ ಹೊರಬೀಳುತ್ತದೆ. ಬಹಳಷ್ಟು ಪಾವತಿಗಳು ಹೀಗೆ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳ ಒಳಗೆ ಬಾಕಿಯಿಂದ ಯಶಸ್ಸಿಗೆ ತಿರುಗುತ್ತವೆ. ಮರುದಿನ ಮಧ್ಯಾಹ್ನದವರೆಗೆ ಕಾಯಬಹುದಾದವರು ಕಾಯಲೇಬೇಕು ಎಂಬುದು ನನ್ನ ಖಚಿತ ಸಲಹೆ.

ಗಡುವು ಇಂದೇ ರಾತ್ರಿ ಮುಗಿಯುವುದಾದರೆ ಮಾತು ಬೇರೆ. ಆಗ ಎರಡನೆಯ ಪಾವತಿಯನ್ನು ತಿಳಿದೇ ಮಾಡಬೇಕಾಗುತ್ತದೆ, ಒಂದು ಮೊತ್ತ ಕೆಲವು ದಿನ ಸಿಕ್ಕಿಬೀಳುತ್ತದೆ ಎಂದು ಒಪ್ಪಿಕೊಂಡು. ಅದಕ್ಕೂ ಮೊದಲು ಸಂಸ್ಥೆಯ ಸಹಾಯ ವಿಳಾಸಕ್ಕೆ ಮೊದಲ ಕಡಿತದ ವಿವರಗಳೊಡನೆ ಒಂದು ಮಿಂಚಂಚೆ ಕಳುಹಿಸಿ, ಗಡುವಿನೊಳಗೆ ಹಣ ಕಟ್ಟಲು ಯತ್ನಿಸಿದ್ದಕ್ಕೆ ಅದೇ ದಾಖಲೆಯಾಗುತ್ತದೆ. ಸಾಧ್ಯವಾದರೆ ಎರಡನೆಯ ಪಾವತಿಯನ್ನು ಯುಪಿಐ ಮೂಲಕ ಅಥವಾ ಬೇರೆ ಬ್ಯಾಂಕಿನ ಖಾತೆಯಿಂದ ಮಾಡಿ. ತಡೆಯುಂಟಾದ ಅದೇ ಬ್ಯಾಂಕಿನ ದಾರಿಯಲ್ಲಿ ಮೂರನೆಯ ಪ್ರಯತ್ನವೂ ಸಿಲುಕಿದ್ದನ್ನು ನಾನು ಕಂಡಿದ್ದೇನೆ. ಆ ವಾರದಲ್ಲಿ ಖಾತೆಯಿಂದ ಸಾಲದ ಕಂತು ಅಥವಾ ಚೆಕ್ಕು ಹೋಗುವುದಿದ್ದರೆ, ಎರಡು ಸಲ ಹಣ ಹೋದ ಮೇಲೆ ಅದಕ್ಕೆ ಸಾಕಷ್ಟು ಉಳಿಯುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಶುಲ್ಕ ಇಂದಲ್ಲ ನಾಳೆ ವಾಪಸು ಬರುತ್ತದೆ, ಆದರೆ ಕಂತು ಬೌನ್ಸ್ ಆದದ್ದಕ್ಕೆ ಬ್ಯಾಂಕು ಹಾಕುವ ದಂಡವನ್ನು ಕಾಲೇಜು ಕೊಡುವುದಿಲ್ಲ.

ಇನ್ನೊಂದು ಮಾತನ್ನು ಟ್ರಸ್ಟ್ ಅಥವಾ ಕಂಪನಿಯ ಖಾತೆ ನೋಡಿಕೊಳ್ಳುವವರಿಗಾಗಿ ಸೇರಿಸುತ್ತೇನೆ. ಅಲ್ಲಿ ಒಬ್ಬರು ಪಾವತಿಯನ್ನು ಸಿದ್ಧಪಡಿಸಿ ಇನ್ನೊಬ್ಬರು ಅನುಮೋದಿಸುವ ಪದ್ಧತಿ ಇರುವುದರಿಂದ, ಮೊದಲಿನವರು ಓಟಿಪಿ ಕೊಟ್ಟರೂ ಹಣ ಹೋಗುವುದು ಅನುಮೋದನೆಯ ನಂತರವೇ. ಖಾತೆಯಲ್ಲಿ ಕಡಿತ ಕಾಣಲಿಲ್ಲವೆಂದು ಮತ್ತೆ ಸಿದ್ಧಪಡಿಸಿದರೆ ಅನುಮೋದಕರ ಪಟ್ಟಿಯಲ್ಲಿ ಒಂದೇ ಬಿಲ್ಲು ಎರಡಾಗಿ ಕೂರುತ್ತದೆ, ಅವರು ಎರಡನ್ನೂ ಒಪ್ಪಿಬಿಡುತ್ತಾರೆ.

ಹಾವೇರಿಯವರ ಪಾವತಿಗೆ ಆದದ್ದು

ಆ ಪಾಲಕರು ಮೊದಲ ಓಟಿಪಿ ಒಪ್ಪಿಸಿದ್ದು ಬೆಳಿಗ್ಗೆ 11.42ಕ್ಕೆ. ಅವರು ಫೋನಿನಲ್ಲಿ ಕಟ್ಟುತ್ತಿದ್ದರು. ಓಟಿಪಿ ಕಳುಹಿಸಿದ ಕೂಡಲೇ ಮನೆಯ ವೈಫೈಯಿಂದ ಅಂಗಳಕ್ಕೆ ಬಂದರಂತೆ, ಫೋನು ಮೊಬೈಲ್ ಡೇಟಾಗೆ ಬದಲಾಯಿತು, ಬ್ಯಾಂಕಿನ ಉತ್ತರ ಬರುವ ದಾರಿಯೇ ಮುರಿಯಿತು. 11.49ಕ್ಕೆ ಅವರು ಹಿಂದಕ್ಕೆ ಹೋಗಿ ಹೊಸದಾಗಿ ಆರಂಭಿಸಿದರು, 11.51ಕ್ಕೆ ರಸೀದಿ ಬಂತು. ನಮ್ಮ ಪೋರ್ಟಲ್ಲಿನಲ್ಲಿ ಆ ಹೊತ್ತಿಗೆ ಮೊದಲ ಆರ್ಡರ್ ಬಾಕಿ, ಎರಡನೆಯದು ಯಶಸ್ವಿ. ಮಧ್ಯಾಹ್ನ 12.15ರ ಸುಮಾರಿಗೆ ಗೇಟ್‌ವೇ ವಿಚಾರಿಸಿದಾಗ ಬ್ಯಾಂಕು ಮೊದಲನೆಯದೂ ಯಶಸ್ವಿ ಎಂದಿತು, ಆದರೆ ವಿದ್ಯಾರ್ಥಿನಿಯ ಶುಲ್ಕದ ಬೇಡಿಕೆ ಆಗಲೇ ತೀರಿಹೋಗಿದ್ದರಿಂದ ಪೋರ್ಟಲ್ ಆ ಹಣವನ್ನು ಯಾವ ಲೆಕ್ಕಕ್ಕೂ ಸೇರಿಸಲಿಲ್ಲ. ಎರಡು ದಿನದ ನಂತರ ಗೇಟ್‌ವೇಯಿಂದ ನಮ್ಮ ಖಾತೆಗೆ ಹಣ ಜಮೆಯಾದ ಪಟ್ಟಿಯಲ್ಲಿ 18,450 ರೂಪಾಯಿಯ ಒಂದು ಸಾಲು ಯಾವ ರಸೀದಿಗೂ ಹೊಂದದೆ ಉಳಿಯಿತು. ಪಾಲಕರು ಬ್ಯಾಂಕಿನ ಉಲ್ಲೇಖ ಸಂಖ್ಯೆ ಕೊಟ್ಟಿದ್ದರಿಂದ ಅದು ಯಾರದೆಂದು ಹತ್ತು ನಿಮಿಷದಲ್ಲಿ ತಿಳಿಯಿತು, ಮರುಪಾವತಿಗೆ ಕೋರಿಕೆ ಹಾಕಿದೆವು, ಆರನೆಯ ಕೆಲಸದ ದಿನ ಹಣ ಅವರ ಅದೇ ಖಾತೆಗೆ ಮರಳಿತು.

11.47ಕ್ಕೆ ಅವರು ಬ್ಯಾಂಕಿನ ಆ್ಯಪ್ ತೆರೆದಿದ್ದರೆ 11.42ರ ಕಡಿತ ಅಲ್ಲಿ ಕಾಣುತ್ತಿತ್ತು, ಅರ್ಧ ಗಂಟೆ ಕಾದಿದ್ದರೆ ಮೊದಲ ಪಾವತಿಗೇ ರಸೀದಿ ಬರುತ್ತಿತ್ತು.

ಫೋನಿನಲ್ಲಿ ಕಟ್ಟುವವರು ಓಟಿಪಿ ಓದಲು ಸಂದೇಶಗಳ ಆ್ಯಪ್‌ಗೆ ಹೋಗದೆ ಮೇಲಿನಿಂದ ಇಳಿಯುವ ಸೂಚನೆಯಲ್ಲಿಯೇ ಓದಿಕೊಳ್ಳುವುದು ಒಳ್ಳೆಯದು. ಕಡಿಮೆ ಮೆಮೊರಿಯ ಫೋನುಗಳು ಬೇರೆ ಆ್ಯಪ್ ತೆರೆದಾಗ ಹಿಂದಿನ ಪುಟವನ್ನು ಕೈಬಿಡುತ್ತವೆ, ಮರಳಿ ಬಂದಾಗ ಪುಟ ಹೊಸದಾಗಿ ತೆರೆದು ಅವಧಿ ಮುಗಿದಿದೆ ಎನ್ನುತ್ತದೆ.

ಹಣ ಹೋಗಿ ರಸೀದಿ ಬಾರದಿದ್ದರೆ ಯಾರನ್ನು ಕೇಳಬೇಕು

ಮೊದಲು ಹಣ ಪಡೆಯಬೇಕಾದ ಸಂಸ್ಥೆಯನ್ನೇ ಕೇಳಿ. ಕಡಿತ ಯಶಸ್ವಿಯಾಗಿದ್ದರೆ ಹಣ ನಿಮ್ಮ ಬ್ಯಾಂಕನ್ನು ಬಿಟ್ಟಾಗಿದೆ, ಶಾಖೆಗೆ ಹೋದರೆ ನಮ್ಮ ಕಡೆಯಿಂದ ವಹಿವಾಟು ಸರಿಯಾಗಿದೆ ಎಂಬ ಉತ್ತರವೇ ಸಿಗುತ್ತದೆ, ಅದು ಸುಳ್ಳೂ ಅಲ್ಲ. ದಿನಾಂಕ, ಸಮಯ, ಮೊತ್ತ, ಬ್ಯಾಂಕಿನ ಉಲ್ಲೇಖ ಸಂಖ್ಯೆ, ಆರ್ಡರ್ ಅಥವಾ ಬಿಲ್ಲಿನ ಸಂಖ್ಯೆ, ಸ್ಟೇಟ್‌ಮೆಂಟಿನ ಆ ಒಂದು ಸಾಲಿನ ಚಿತ್ರ, ಇಷ್ಟನ್ನು ಬರೆದು ಕಳುಹಿಸಿದರೆ ಸಾಕು. ಖಾತೆಯ ಉಳಿದ ಸಾಲುಗಳನ್ನು ಮುಚ್ಚಿಯೇ ಕಳುಹಿಸಿ. ಕಾರ್ಡಿನ ಸಂಖ್ಯೆ, ಪಾಸ್‌ವರ್ಡ್, ಹೊಸ ಓಟಿಪಿ ಯಾವುದೂ ಮರುಪಾವತಿಗೆ ಬೇಕಾಗುವುದಿಲ್ಲ.

ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಹಣ ಸಿಕ್ಕಿಬಿದ್ದವರಿಗಾಗಿಯೇ ಅಲ್ಲಿ ನಕಲಿ ಸಂಖ್ಯೆಗಳನ್ನು ಹಾಕಿಟ್ಟಿರುತ್ತಾರೆ. ಸಂಸ್ಥೆಯ ಜಾಲತಾಣದಲ್ಲಿ ಅಥವಾ ಪಾಸ್‌ಬುಕ್ಕಿನ ಹಿಂಬದಿಯಲ್ಲಿರುವ ಸಂಖ್ಯೆಯನ್ನಷ್ಟೇ ಬಳಸಿ. ಹಣ ಮರಳಿಸಲು ಫೋನಿನ ಪರದೆ ಹಂಚಿಕೊಳ್ಳಿ ಅಥವಾ ಯುಪಿಐ ಪಿನ್ ಒತ್ತಿ ಎಂದವರು ವಂಚಕರು. ಅಂಥವರ ಬಲೆಗೆ ಬಿದ್ದು ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಮಾತು ಈ ಸಂದರ್ಭದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಕಾರ್ಡಿನ ಆನ್‌ಲೈನ್ ಖರೀದಿಯಲ್ಲಿ ಅಥವಾ ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಹಣ ಹೋಗಿ ಅತ್ತ ಕಡೆಗೆ ಖಾತ್ರಿ ತಲುಪದಿದ್ದರೆ, ವಹಿವಾಟಿನ ದಿನದ ನಂತರ ಐದು ದಿನದೊಳಗೆ ಹಣವನ್ನು ತಾನಾಗಿಯೇ ಮರಳಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ಅದು ಹೇಳುತ್ತದೆ. ಆದರೆ ಅದರ ಪಟ್ಟಿಯಲ್ಲಿ ಗೇಟ್‌ವೇ ಮೂಲಕ ನಡೆಯುವ ನೆಟ್ ಬ್ಯಾಂಕಿಂಗ್‌ಗೆ ಪ್ರತ್ಯೇಕ ಸಾಲಿಲ್ಲ. ಹಾಗಾಗಿ 100 ರೂಪಾಯಿಯ ಲೆಕ್ಕವನ್ನು ಮುಂದಿಟ್ಟು ಜಗಳ ಆಡುವುದಕ್ಕಿಂತ ಲಿಖಿತ ದೂರಿನ ಜಾಡು ಹಿಡಿಯುವುದೇ ಫಲ ಕೊಡುತ್ತದೆ.

ಸಂಸ್ಥೆ ಹಣ ತಮಗೆ ಬಂದೇ ಇಲ್ಲ ಎಂದು ಬರೆದು ಕೊಟ್ಟರೆ, ಆ ಉತ್ತರವನ್ನು ಲಗತ್ತಿಸಿ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ದೂರು ಸಂಖ್ಯೆ ಪಡೆದುಕೊಳ್ಳಿ. ಬ್ಯಾಂಕು 30 ದಿನದೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಅಲ್ಲಿಗೆ ಹೋದವರ ಅರ್ಜಿ ತಿರಸ್ಕೃತವಾಗುತ್ತದೆ, ಆದ್ದರಿಂದ ಬ್ಯಾಂಕು ಕೊಟ್ಟ ಆ ದೂರು ಸಂಖ್ಯೆಯ ಸಂದೇಶವನ್ನು ಅಳಿಸಬೇಡಿ.